ಪ್ರೂಫ್‌ಗೆ ಓಕೆ ಅನ್ನುವ ಮುಂಚೆ: ಲಗ್ನಪತ್ರಿಕೆಯಲ್ಲಿ ತಪ್ಪು ಅಡಗಿರುವ ಜಾಗಗಳು

ಪ್ರಶ್ನೆ: ಅಕ್ಕನ ಮದುವೆಯ ಲಗ್ನಪತ್ರಿಕೆ ಪ್ರೂಫ್ ವಾಟ್ಸಾಪ್‌ನಲ್ಲಿ ಬಂದಿದೆ. 700 ಪ್ರತಿ ಹಾಕಿಸ್ತಿದ್ದೀವಿ. ಸಂಜೆಯೊಳಗೆ ಓಕೆ ಹೇಳಿ, ಪ್ಲೇಟ್ ಮಾಡಿಸಬೇಕು ಅಂತ ಪ್ರೆಸ್‌ನವರು ಫೋನ್ ಮಾಡ್ತಾನೇ ಇದ್ದಾರೆ. ಮನೇಲಿ ಐದು ಜನ ನೋಡಿ ಎಲ್ಲಾ ಸರಿ ಇದೆ ಅಂದ್ರು. ಆದ್ರೂ ಓಕೆ ಅನ್ನೋಕೆ ಧೈರ್ಯ ಬರ್ತಿಲ್ಲ. ಏನೇನು ನೋಡಬೇಕು ಸಾರ್?

ಉತ್ತರ: ಐದು ಜನರೂ ತಂತಮ್ಮ ಹೆಸರು ಬಂದಿದೆಯಾ ಅಂತ ನೋಡಿರುತ್ತಾರೆ. ಹೆಸರು ಸಿಕ್ಕಿದ ಮೇಲೆ ಮೊಬೈಲು ಪಕ್ಕದವರ ಕೈಗೆ ಹೋಗಿರುತ್ತದೆ. ದಿನಾಂಕದ ಸಾಲನ್ನು ಯಾರೂ ಓದಿರುವುದಿಲ್ಲ. ಅದು ಎಲ್ಲರಿಗೂ ಬಾಯಿಪಾಠ ಆಗಿರುತ್ತದೆ ನೋಡಿ, ಕಣ್ಣು ಓದುವುದಿಲ್ಲ, ಮನಸ್ಸೇ ಹೇಳಿಬಿಡುತ್ತದೆ.

ಮೊದಲು ಒಂದು ಕೆಲಸ ಮಾಡಿ. ಫೋಟೋ ಥರ ಬಂದಿರುವ ಪ್ರೂಫ್ ಬೇಡ, ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಪ್ರೆಸ್‌ನವರಿಗೆ ಹೇಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದು ಕುಗ್ಗಿರುತ್ತದೆ. ಒತ್ತಕ್ಷರ, ಮಹಾಪ್ರಾಣದ ಸೀಳು, ಸಣ್ಣಕ್ಷರದ ಫೋನ್ ನಂಬರು ಎಲ್ಲಾ ಮಸುಕು. ಅದರಲ್ಲಿ ದ ಯಾವುದು, ಧ ಯಾವುದು ಅಂತ ಪ್ರೆಸ್ ಇಟ್ಟವನಿಗೂ ಹೇಳಲಾಗದು. ಪಿಡಿಎಫ್ ಬಂದ ಮೇಲೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಾರ್ಡಿನ ನಿಜ ಅಳತೆಯಲ್ಲೇ ಎರಡು ಪ್ರತಿ ತೆಗೆಸಿ. ಕಪ್ಪು-ಬಿಳುಪು ಸಾಕು. ಇನ್ನೊಂದು ಕೈಯಲ್ಲಿ ನೀವು ಪ್ರೆಸ್‌ಗೆ ಕೊಟ್ಟ ಮ್ಯಾಟರ್, ಅಂದರೆ ಕೈಬರಹದ ಹಾಳೆ, ಮತ್ತು ಪುರೋಹಿತರು ಬರೆದುಕೊಟ್ಟ ಮುಹೂರ್ತದ ಚೀಟಿ ಇರಲಿ. ಇವೆರಡು ಇಲ್ಲದೆ ಪ್ರೂಫ್ ನೋಡುವುದು ಅಂದರೆ ಸುಮ್ನೆ ಕಾರ್ಡು ಚೆಂದ ಇದೆಯಾ ಅಂತ ನೋಡಿದ ಹಾಗೆ ಅಷ್ಟೇ.

ಈಗ ಒಳಗಿನ ಗುಟ್ಟು ಹೇಳುತ್ತೇನೆ. ಇಪ್ಪತ್ತು ವರ್ಷ ಡಿಟಿಪಿ ಮಾಡಿದವನು ನಾನು. ಲಗ್ನಪತ್ರಿಕೆಯನ್ನು ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಕಂಪ್ಯೂಟರಿನಲ್ಲಿ ಹಳೇ ಪತ್ರಿಕೆಗಳು ನೂರಾರು ಇರುತ್ತವೆ. ನಿಮ್ಮದಕ್ಕೆ ಹತ್ತಿರ ಇರುವ ಒಂದನ್ನು ತೆರೆದು, ಹಳೇ ಹೆಸರಿನ ಮೇಲೆ ಹೊಸ ಹೆಸರು, ಹಳೇ ತಾರೀಖಿನ ಮೇಲೆ ಹೊಸ ತಾರೀಖು ಹಾಕಿಕೊಂಡು ಹೋಗುತ್ತೇವೆ. ಹಾಗಾಗಿ ಪ್ರೂಫ್‌ನಲ್ಲಿ ಎರಡು ಬಗೆಯ ತಪ್ಪು ಇರುತ್ತದೆ. ಒಂದು, ಬೆರಳು ತಪ್ಪಿ ಬಂದದ್ದು. ಇದು ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಬೇರೆ ಯಾರದೋ ಮದುವೆಯಿಂದ ಉಳಿದುಕೊಂಡದ್ದು. ಇದರಲ್ಲಿ ಕಾಗುಣಿತ ಸರಿ ಇರುತ್ತದೆ, ವಾಕ್ಯ ಸರಿ ಇರುತ್ತದೆ. ಮದುವೆ ಮಾತ್ರ ನಿಮ್ಮದಲ್ಲ.

ಒಂದು ಕರಡು ತೋರಿಸುತ್ತೇನೆ. 2026ರ ಮೇ 3ರಂದು ಮುಹೂರ್ತ, ಹಿಂದಿನ ಸಂಜೆ ಆರತಕ್ಷತೆ ಅಂತ ಇಟ್ಟುಕೊಳ್ಳಿ. ಡಿಟಿಪಿಯವರು ಹಿಂದಿನ ವರ್ಷ ಇದೇ ತಾರೀಖಿಗೆ ಮಾಡಿದ್ದ ಪತ್ರಿಕೆ ತೆರೆದು, ಇಸವಿ ಮಾತ್ರ ಬದಲಿಸಿ ಕಳಿಸಿದರೆ ಪ್ರೂಫ್ ಹೀಗೆ ಬರುತ್ತದೆ:

"ಶಾಲಿವಾಹನ ಶಕ 1947ನೇ ವಿಶ್ವಾವಸು ನಾಮ ಸಂವತ್ಸರದ ವೈಶಾಖ ಶುದ್ಧ ಷಷ್ಠಿ, ದಿನಾಂಕ 3-5-2026ನೇ ಶನಿವಾರ ಬೆಳಿಗ್ಗೆ 9-15ರಿಂದ 10-05ರವರೆಗೆ ಸಲ್ಲುವ ಮಿಥುನ ಲಗ್ನದಲ್ಲಿ... ಆರತಕ್ಷತೆ: 2-5-2026ನೇ ಶುಕ್ರವಾರ ಸಂಜೆ 7ರಿಂದ."

ಓದಿ ನೋಡಿ. ಒಂದು ಅಕ್ಷರವೂ ತಪ್ಪಿಲ್ಲ ಅನಿಸುತ್ತದೆ ಅಲ್ವಾ? ಶುಕ್ರವಾರ ಆರತಕ್ಷತೆ, ಶನಿವಾರ ಮುಹೂರ್ತ, ಒಂದಾದ ಮೇಲೊಂದು ನೀಟಾಗಿ ಬಂದಿದೆ. ಆದರೆ ಇದರಲ್ಲಿ ಐದು ತಪ್ಪಿದೆ. ಒಂದೊಂದಾಗಿ ಹಿಡಿಯೋಣ.

ಮೊದಲು ವಾರ. ಗೋಡೆಯ ಕ್ಯಾಲೆಂಡರ್ ನೋಡಿ, ಮೊಬೈಲಿನಲ್ಲಾದರೂ ಸರಿ, ತಿಂಗಳ ಪುಟ ತೆರೆದು ಬೆರಳಿಟ್ಟು ನೋಡಿ. 2026ರ ಮೇ 3 ಭಾನುವಾರ. ಹಿಂದಿನ ವರ್ಷ, 2025ರಲ್ಲಿ, ಅದೇ ತಾರೀಖು ಶನಿವಾರ ಆಗಿತ್ತು. ಅಧಿಕ ವರ್ಷದ ಫೆಬ್ರವರಿ 29 ನಡುವೆ ಬರದಿದ್ದರೆ ಯಾವ ತಾರೀಖಿನ ವಾರವಾದರೂ ಮುಂದಿನ ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಅದಕ್ಕೇ ಹಳೇ ಪತ್ರಿಕೆಯ ವಾರ ಉಳಿದುಕೊಂಡರೆ ಸಾಮಾನ್ಯವಾಗಿ ಸರಿಯಾಗಿ ಒಂದು ದಿನ ಹಿಂದೆ ಇರುತ್ತದೆ. ಪ್ರೂಫ್‌ನಲ್ಲಿ ವಾರ ಒಂದೇ ದಿನ ತಪ್ಪಿದ್ದರೆ ಹಳೇ ಫೈಲ್ ಮೇಲೆ ಕೆಲಸ ಆಗಿದೆ ಅಂತ ಅನುಮಾನ ಪಡಿ, ಉಳಿದ ಸಾಲನ್ನೂ ಅದೇ ಕಣ್ಣಿನಿಂದ ನೋಡಿ. ಆರತಕ್ಷತೆಯ ಶುಕ್ರವಾರವೂ ಇಲ್ಲಿ ಹಾಗೇ ಬಂದದ್ದು. 2026ರ ಮೇ 2 ಶನಿವಾರ. ಅಲ್ಲಿಗೆ ಎರಡು ತಪ್ಪು ಸಿಕ್ಕಿತು.

ತಾರೀಖು-ವಾರ ಹೊಂದದ ಪತ್ರಿಕೆ ಹಂಚಿದರೆ ಏನಾಗುತ್ತೆ ಗೊತ್ತಾ? ಅರ್ಧ ಜನ ತಾರೀಖು ನಂಬುತ್ತಾರೆ, ಅರ್ಧ ಜನ ವಾರ ನಂಬುತ್ತಾರೆ. ಊರ ಕಡೆಯ ಹಿರಿಯರು ಜಾಸ್ತಿ ವಾರವನ್ನೇ ನೆನಪಿಡೋದು.

ಮೂರು ಮತ್ತು ನಾಲ್ಕನೇ ತಪ್ಪು ಶಕ ಮತ್ತು ಸಂವತ್ಸರ. ಇವು ಬದಲಾಗುವುದು ಜನವರಿಯಲ್ಲಿ ಅಲ್ಲ, ಯುಗಾದಿಗೆ. 2026ರ ಯುಗಾದಿ ಮಾರ್ಚ್ 19ಕ್ಕೆ. ಅಲ್ಲಿಯವರೆಗೆ ಶಕ 1947, ವಿಶ್ವಾವಸು. ಅಲ್ಲಿಂದ ಶಕ 1948, ಪರಾಭವ. ಫೆಬ್ರವರಿಯಲ್ಲಿ ಅಚ್ಚು ಹಾಕಿಸಿ ಮೇ ತಿಂಗಳಲ್ಲಿ ಮದುವೆ ಮಾಡುವವರು ಇಲ್ಲೇ ಎಡವುವುದು. ಗೋಡೆಯ ಮೇಲೆ ವಿಶ್ವಾವಸು ಅಂತಿರುತ್ತದೆ, ಅದನ್ನೇ ಬರೆದುಕೊಡುತ್ತಾರೆ. ನೋಡಬೇಕಾದದ್ದು ಅಚ್ಚು ಹಾಕಿಸುವ ದಿನದ ಸಂವತ್ಸರ ಅಲ್ಲ, ಮುಹೂರ್ತದ ದಿನದ್ದು. ಶಕ ಸರಿ ಇದೆಯಾ ಅಂತ ನೋಡಲು ಸುಲಭದ ಲೆಕ್ಕ ಇದೆ. ಯುಗಾದಿ ಆದ ಮೇಲಿನ ಮದುವೆಯಾದರೆ ಇಸವಿಯಿಂದ 78 ಕಳೆಯಿರಿ. ಜನವರಿಯಿಂದ ಯುಗಾದಿಯೊಳಗಿನ ಮದುವೆಯಾದರೆ 79. 2026ರಲ್ಲಿ 78 ಕಳೆದರೆ 1948.

ಐದನೆಯದು ತಿಥಿ. ಪಂಚಾಂಗ ಓದಲು ಬರದಿದ್ದರೂ ಶುದ್ಧವೋ ಬಹುಳವೋ ಅಂತ ನೀವೇ ಹೇಳಬಹುದು. ಅಮಾವಾಸ್ಯೆ ಕಳೆದು ಹುಣ್ಣಿಮೆಯವರೆಗೆ ಶುದ್ಧ, ಹುಣ್ಣಿಮೆ ಕಳೆದ ಮೇಲೆ ಬಹುಳ. 2026ರಲ್ಲಿ ವೈಶಾಖದ ಹುಣ್ಣಿಮೆ ಮೇ 1ಕ್ಕೆ. ಹಾಗಾದರೆ ಮೇ 3 ಶುದ್ಧ ಆಗಲು ಸಾಧ್ಯವೇ ಇಲ್ಲ, ಬಹುಳ ಬಿದಿಗೆ. ಯಾವ ತಿಥಿ ಅನ್ನುವುದನ್ನು ಮಾತ್ರ ಪುರೋಹಿತರ ಚೀಟಿಯಿಂದಲೇ ತೆಗೆದುಕೊಳ್ಳಿ. ತಿಥಿ ನಡುಹಗಲಲ್ಲೂ ಬದಲಾಗುತ್ತದೆ. ಕ್ಯಾಲೆಂಡರ್ ನೋಡಿ ನೀವೇ ತಿದ್ದಲು ಹೋಗಬೇಡಿ. ಲಗ್ನದ ಹೆಸರಿಗೂ ಗಂಟೆಗೂ ಇದೇ ಮಾತು. ಒಂದು ಲಗ್ನ ಸುಮಾರು ಎರಡು ಗಂಟೆ ಇರುತ್ತದೆ. ಚೀಟಿಯಲ್ಲಿರುವ ಮಿಥುನ ಪ್ರೂಫ್‌ನಲ್ಲಿ ಕರ್ಕಾಟಕ ಆಗಿದ್ದು ಗಂಟೆ ಹಾಗೇ ಇದ್ದರೆ, ಎರಡರಲ್ಲಿ ಒಂದು ಬೇರೆಯವರ ಮದುವೆಯದ್ದು. ಪುರೋಹಿತರಿಗೆ ಫೋನ್ ಮಾಡಿ, ಸಾಲನ್ನು ಓದಿ ಹೇಳಿ, ಅವರ ಬಾಯಿಂದ ಹೂಂ ಅನ್ನಿಸಿ.

ಗಂಟೆಯ ವಿಷಯದಲ್ಲಿ ಇನ್ನೊಂದು. ಮುಹೂರ್ತ ಬೆಳಗಿನ ಜಾವ 4-30ಕ್ಕೆ ಇದ್ದರೆ ಜಾಸ್ತಿ ಎಚ್ಚರ ಬೇಕು. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಮೊಬೈಲಿನಲ್ಲಿ ನಡುರಾತ್ರಿಗೆ. ಪುರೋಹಿತರ ಚೀಟಿಯಲ್ಲಿ "ಶನಿವಾರ ರಾತ್ರಿ 4-30" ಅಂತ ಇದ್ದರೆ ಅದು ನಮ್ಮ ಲೆಕ್ಕದಲ್ಲಿ ಭಾನುವಾರ. ಇಂಥ ಕಡೆ "ಶನಿವಾರ ಕಳೆದು ಭಾನುವಾರ ಬೆಳಗಿನ ಜಾವ" ಅಂತ ಬಿಡಿಸಿ ಹಾಕಿಸಿ. ಒಂದು ಸಾಲು ಜಾಸ್ತಿ ಆಗುತ್ತದೆ, ಆಗಲಿ.

ತಾರೀಖು ಮುಗಿಯಿತು. ಇನ್ನು ಹೆಸರು. ಇಲ್ಲಿ ನನ್ನದೇ ಒಂದು ಮಾನಗೇಡಿ ಕಥೆ ಇದೆ.

ಹಳೇ ಪತ್ರಿಕೆಯಲ್ಲಿ ವರನ ಅಜ್ಜನ ಹೆಸರಿನ ಮುಂದೆ "ದಿ||" ಅಂತ ಇತ್ತು. ಅವರು ತೀರಿಹೋಗಿದ್ದರು. ಹೊಸ ಮದುವೆಯ ಮ್ಯಾಟರ್ ಬಂದಾಗ ನಾನು ಹೆಸರು ಮಾತ್ರ ಆರಿಸಿ ಅದರ ಮೇಲೆ ಹೊಸ ಹೆಸರು ಹಾಕಿದೆ. ಮುಂದಿನ ಎರಡು ಗೆರೆ, ದಿ, ಹಾಗೇ ಉಳಿಯಿತು. ಮನೆಯವರು ಪ್ರೂಫ್ ನೋಡಿದರು. ಹೆಸರಿನ ಕಾಗುಣಿತ ಸರಿ ಇತ್ತು, ಊರು ಸರಿ ಇತ್ತು, ಓಕೆ ಅಂದರು. ಆರುನೂರು ಕಾರ್ಡು ಅಚ್ಚಾಯಿತು. ಮೊದಲ ಕಟ್ಟು ಬಿಚ್ಚಿ ಕನ್ನಡಕ ಹಾಕಿಕೊಂಡು ಓದಿದ್ದು ಆ ಅಜ್ಜನೇ. ಆ ಮನುಷ್ಯ ದೊಡ್ಡವರು, ಬೈಯಲಿಲ್ಲ. "ನನ್ನ ವೈಕುಂಠ ಸಮಾರಾಧನೆ ಕಾರ್ಡೂ ನೀನೇ ಹಾಕಪ್ಪ, ಅರ್ಧ ಕೆಲಸ ಆಗ್ಲೇ ಮಾಡಿಟ್ಟಿದ್ದೀಯ" ಅಂದರು. ಒಳಗಿನ ಹಾಳೆ ಪೂರ್ತಿ ನನ್ನ ಖರ್ಚಿನಲ್ಲಿ ಮತ್ತೆ ಹಾಕಿಕೊಟ್ಟೆ.

ಅವತ್ತಿನಿಂದ ನಾನು ಹೆಸರನ್ನು ಮೂರು ತುಂಡಾಗಿ ನೋಡುತ್ತೇನೆ: ಹೆಸರಿನ ಮುಂದಿರುವುದು, ಹೆಸರು, ಹೆಸರಿನ ಹಿಂದಿರುವುದು. ನೀವೂ ಹಾಗೇ ಮಾಡಿ. ಮೊದಲ ಸುತ್ತಿನಲ್ಲಿ ಹೆಸರು ಓದಲೇಬೇಡಿ. ಹೆಸರಿನ ಮುಂದಿರುವ ದಿ||, ಶ್ರೀ, ಶ್ರೀಮತಿ, ಚಿ|| ರಾ||, ಚಿ|| ಸೌ||, ಡಾ|| ಇವನ್ನಷ್ಟೇ ನೋಡಿ. ಯಾರು ಬದುಕಿದ್ದಾರೆ, ಯಾರಿಲ್ಲ, ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಕೇಳಿ. ಗಂಡ ತೀರಿಕೊಂಡಿದ್ದು ಹೆಂಡತಿ ಇದ್ದಾರೆ ಅನ್ನುವ ಕಡೆ "ಶ್ರೀಮತಿ ಮತ್ತು ಶ್ರೀ" ಅಂತ ಜೋಡಿಯಾಗಿ ಉಳಿದಿರುತ್ತದೆ, ಅದನ್ನು ಹುಡುಕಿ.

ಎರಡನೇ ಸುತ್ತಿನಲ್ಲಿ ಹೆಸರಿನ ಹಿಂದಿರುವುದು. ಜ್ಯೇಷ್ಠ ಪುತ್ರ, ದ್ವಿತೀಯ ಪುತ್ರಿ, ಮೊಮ್ಮಗಳು, ಓದು, ಕೆಲಸ, ಊರು. ನಿಮ್ಮ ಅಕ್ಕ ಮನೆಗೆ ಮೊದಲನೇ ಮಗಳೋ ಎರಡನೆಯವಳೋ ಅನ್ನುವುದು ಡಿಟಿಪಿಯವರಿಗೆ ಗೊತ್ತಿರುವುದಿಲ್ಲ. ಹಳೇ ಪತ್ರಿಕೆಯಲ್ಲಿ ಏನಿತ್ತೋ ಅದು ಇರುತ್ತದೆ. ಪುತ್ರ ಅನ್ನುವುದಕ್ಕೂ ಪುತ್ರಿ ಅನ್ನುವುದಕ್ಕೂ ಒಂದು ಗುಡಿಸು ವ್ಯತ್ಯಾಸ ಅಷ್ಟೇ.

ಮೂರನೇ ಸುತ್ತಿನಲ್ಲಿ ಹೆಸರು. ಇಲ್ಲಿ ನಿಘಂಟು ಕೆಲಸಕ್ಕೆ ಬರುವುದಿಲ್ಲ. ಸುಮ, ಸುಮಾ ಎರಡೂ ಇದ್ದಾರೆ. ಲಕ್ಷ್ಮಿ, ಲಕ್ಷ್ಮೀ ಎರಡೂ ಇದ್ದಾರೆ. ಶಂಕರ್ ಅನ್ನುವವರಿಗೆ ಶಂಕರ ಅಂತ ಹಾಕಿದರೆ ಬೇಜಾರು, ಶಂಕರ ಅನ್ನುವವರಿಗೆ ಶಂಕರ್ ಅಂದರೆ ಬೇಜಾರು. ಆ ಮನುಷ್ಯ ತನ್ನ ಹೆಸರು ಹೇಗೆ ಬರೆದುಕೊಳ್ಳುತ್ತಾರೋ ಅದೇ ಸರಿ. ಬೀಗರ ಕಡೆಯ ಹೆಸರನ್ನಂತೂ ನೀವು ಊಹಿಸಲೇಬೇಡಿ. ಅವರ ಕಡೆಯ ಸಾಲುಗಳನ್ನು ಕತ್ತರಿಸಿ ಅವರಿಗೇ ಕಳಿಸಿ, "ನಿಮ್ಮ ಕಡೆಯ ಹೆಸರು ಸರಿ ಇದೆಯಾ ನೋಡಿ, ಇನಿಷಿಯಲ್ ಸಮೇತ" ಅಂತ ಕೇಳಿ. ಅವರ ಉತ್ತರ ಬರೆಹದಲ್ಲಿ ಬರಲಿ. ನಾಳೆ ಯಾರೂ ಯಾರ ಮೇಲೂ ಹಾಕುವಂತಿರುವುದಿಲ್ಲ. ಪತ್ರಿಕೆಯ ಒಂದು ಬದಿ ಇಂಗ್ಲಿಷ್ ಇದ್ದರೆ ಎರಡು ಬದಿಯ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ಐದು ಹೆಸರು, ಇಂಗ್ಲಿಷಿನಲ್ಲಿ ನಾಲ್ಕು ಆಗಿದ್ದರೆ ಬಿಟ್ಟುಹೋದದ್ದು ಯಾವಾಗಲೂ ಸಿಟ್ಟಿನ ಚಿಕ್ಕಪ್ಪನೇ!

ಹೆಸರಿನಲ್ಲಿ ಕಂಪ್ಯೂಟರ್ ಮಾಡುವ ಒಂದು ತಪ್ಪಿದೆ, ಇದು ಮನೆಯವರಿಗೆ ಗೊತ್ತಿರುವುದಿಲ್ಲ. ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್ ಕನ್ನಡ. ಸುಮಾರು ಪ್ರೆಸ್‌ಗಳಲ್ಲಿ ಇವತ್ತಿಗೂ ಕೋರೆಲ್‌ಡ್ರಾದಲ್ಲಿ ನುಡಿ, ಬರಹದ ಹಳೇ ಫಾಂಟ್ ಬಳಸುತ್ತಾರೆ. ನೀವು ಕಳಿಸಿದ್ದನ್ನು ಪರಿವರ್ತಕಕ್ಕೆ ಹಾಕಿ ಹಳೇ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಆಗ ಕಣ್ಣಿಗೆ ಕಾಣದ ಕೆಲವು ಗುರುತುಗಳು ಬಿದ್ದುಹೋಗುತ್ತವೆ. ರಾಜ್‌ಕುಮಾರ್ ಅನ್ನುವುದು ರಾಜ್ಕುಮಾರ್ ಆಗುತ್ತದೆ, ಕ ಹೋಗಿ ಜ ಕೆಳಗೆ ಒತ್ತಾಗಿ ಕೂರುತ್ತದೆ. ಪದದ ನಡುವೆ ಅರ್ಧಾಕ್ಷರ ಬರುವ ಎಲ್ಲಾ ಹೆಸರಿಗೂ ಈ ಅಪಾಯ ಇದೆ. ಅಂಥ ಹೆಸರು ನಿಮ್ಮ ಪತ್ರಿಕೆಯಲ್ಲಿ ಇದ್ದರೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಇನ್ನು ಆ ಫಾಂಟೇ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡ ಅನ್ನುವ ಪದ PÀ£ÀßqÀ ಅಂತ ಕಾಣುತ್ತದೆ. ಅದಕ್ಕೇ ಪ್ಲೇಟ್‌ಗೆ ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ಚಿತ್ರದ ಥರ ಗೆರೆಗಳಾಗಿ ಬದಲಿಸುತ್ತೇವೆ. ಹಾಗೆ ಬದಲಿಸಿದ ಮೇಲೆ ಒಂದಕ್ಷರ ತಿದ್ದಬೇಕಂದರೂ ಹಿಂದಿನ ಫೈಲಿಗೆ ಹೋಗಬೇಕು. ಪ್ರೆಸ್‌ನವರು ಕೊನೇ ಗಳಿಗೆಯ ಕರೆಕ್ಷನ್‌ಗೆ ಮುಖ ಸಿಂಡರಿಸುವುದು ಸೋಮಾರಿತನದಿಂದ ಮಾತ್ರ ಅಲ್ಲ.

ಕಾಗುಣಿತ ನೋಡಲು ಇಡೀ ಪತ್ರಿಕೆಯ ಮೇಲೆ ಕಣ್ಣಾಡಿಸಿದರೆ ಏನೂ ಸಿಗುವುದಿಲ್ಲ. ಇಬ್ಬರು ಕೂತುಕೊಳ್ಳಿ. ಒಬ್ಬರು ಪ್ರೂಫನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮ್ಯಾಟರ್ ಹಾಳೆಯಲ್ಲಿ ಬೆರಳಿಡಲಿ. ಓದುವವರು ಮದುವೆ ಮನೆಯವರೇ ಆಗಬೇಕಿಲ್ಲ. ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಆದರೆ ಇನ್ನೂ ಒಳ್ಳೆಯದು, ಅವಳಿಗೆ ಏನೂ ಬಾಯಿಪಾಠ ಇರುವುದಿಲ್ಲ, ಇದ್ದದ್ದನ್ನೇ ಓದುತ್ತಾಳೆ.

ಲಗ್ನಪತ್ರಿಕೆಯಲ್ಲಿ ಪದೇಪದೇ ಕಂಡ ತಪ್ಪು ಅಂದರೆ "ಆರ್ಶೀವಾದ". ಸರಿಯಾದದ್ದು ಆಶೀರ್ವಾದ. ಯಾಕೆ ಹೀಗಾಗುತ್ತದೆ ಅಂದರೆ, ಅರ್ಕಾವತ್ತನ್ನು ಬಾಯಲ್ಲಿ ಮೊದಲು ಹೇಳುತ್ತೇವೆ, ಬರೆಯುವಾಗ ಅಕ್ಷರದ ನಂತರ ಹಾಕುತ್ತೇವೆ. ಆಶೀರ್ವಾದದಲ್ಲಿ ಅದು ವಾ ಆದ ಮೇಲೆ ಕಾಣಬೇಕು. ಶೀ ಆದ ತಕ್ಷಣ ಕಂಡರೆ ತಪ್ಪು. ಮುಹೂರ್ತ, ಹಾರ್ದಿಕ, ಮೂರ್ತಿ, ಕೀರ್ತಿ, ಅರ್ಚನ, ಹೀಗೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ ಒಂದೇ ಸಲ ನೋಡಿ ಮುಗಿಸಿ. ಅದೇ ಥರ ಮಹಾಪ್ರಾಣ: "ಹಾರ್ಧಿಕ", "ಮುಹೂರ್ಥ" ಅಂತ ಇಲ್ಲದ ಸೀಳು ಬಂದಿರುತ್ತದೆ, ವಧು ಬರೆಯುವಾಗ ಇರಬೇಕಾದ ಸೀಳು ಹೋಗಿ "ವದು" ಆಗಿರುತ್ತದೆ. ಆಮಂತ್ರಣ, ಆಹ್ವಾನ, ಆಗಮನ ಈ ಮೂರರಲ್ಲಿ ಮೊದಲಕ್ಷರ ಆ, ಅ ಅಲ್ಲ. ಜ್ಯೇಷ್ಠದಲ್ಲಿ ಯ ಒತ್ತು ಇರಬೇಕು.

ಕೊನೆಗೆ ದೊಡ್ಡಕ್ಷರ ಓದಿ. ಇದನ್ನು ಮರೆಯಬೇಡಿ. ಸಣ್ಣಕ್ಷರಕ್ಕೆ ಎಲ್ಲರೂ ಕಣ್ಣು ಕೀಲಿಸುತ್ತಾರೆ, ಹಾಳೆಯ ತಲೆಮೇಲೆ ಬಂಗಾರದ ಬಣ್ಣದಲ್ಲಿರುವ ಕುಲದೇವರ ಹೆಸರು, ನಡುವಿನ ವಧೂವರರ ಹೆಸರು, ಇವನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ. "ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ" ಅಂತ ಇರಬೇಕಾದ ಕಡೆ ಹಿಂದಿನವರ ಮನೆದೇವರು ಹಾಗೇ ಕೂತಿರಬಹುದು.

ಅಂಕಿಗಳನ್ನು ಓದಿದರೆ ಸಾಲದು, ಬಳಸಿ ನೋಡಬೇಕು. ಫೋನ್ ನಂಬರು ಸರಿ ಇದೆಯಾ ಅಂತ ನೋಡಲು ಒಂದೇ ದಾರಿ, ಪ್ರೂಫ್ ಹಾಳೆ ನೋಡಿ ಆ ನಂಬರಿಗೆ ಫೋನ್ ಮಾಡುವುದು. ಮೊಬೈಲಿನಲ್ಲಿ ಉಳಿಸಿಕೊಂಡ ಹೆಸರು ಒತ್ತಿ ಮಾಡಬೇಡಿ, ಹಾಳೆಯಲ್ಲಿರುವ ಅಂಕಿ ಒಂದೊಂದನ್ನೂ ಒತ್ತಿ. ಪತ್ರಿಕೆಯಲ್ಲಿ ನಾಲ್ಕು ನಂಬರಿದ್ದರೆ ನಾಲ್ಕಕ್ಕೂ. ಐದು ನಿಮಿಷದ ಕೆಲಸ. ಫೋನ್ ಎತ್ತಿದವರು ಆ ಹೆಸರಿನವರೇನಾ ಅಂತಲೂ ಕೇಳಿ. ನಂಬರು ಸರಿ ಇದ್ದು ಹೆಸರು ಅದಲು ಬದಲಾಗಿರುವುದು ಎಷ್ಟೋ ಸಲ ಆಗಿದೆ. ಮೊಬೈಲ್ ಆದರೆ ಹತ್ತು ಅಂಕಿ. ಸ್ಥಿರ ದೂರವಾಣಿ ಆದರೆ ಎಸ್‌ಟಿಡಿ ಕೋಡಿನ ಸೊನ್ನೆಯೂ ಸೇರಿ ಹನ್ನೊಂದು: ಬೆಂಗಳೂರಿನ 080 ಆದ ಮೇಲೆ ಎಂಟು, ಮೈಸೂರಿನ 0821 ಆದ ಮೇಲೆ ಏಳು, ಹಾಸನದ 08172 ಆದ ಮೇಲೆ ಆರು. ಛತ್ರದ ಕಚೇರಿ ನಂಬರಿನಲ್ಲಿ ಒಂದಂಕಿ ಕಮ್ಮಿ ಇದ್ದರೆ ಎಣಿಸಿದಾಗಲೇ ಸಿಕ್ಕಿಬೀಳುತ್ತದೆ.

ಪತ್ರಿಕೆಯಲ್ಲಿ ಕನ್ನಡ ಅಂಕಿ ಬಳಸುವುದಾದರೆ ೬ ಮತ್ತು ೯ ಎರಡನ್ನೂ ಹುಡುಕಿ ಹುಡುಕಿ ನೋಡಿ. ಅಲಂಕಾರದ ಫಾಂಟಿನಲ್ಲಿ ಸಣ್ಣದಾಗಿ ಅಚ್ಚಾದರೆ ಒಂದು ಇನ್ನೊಂದರ ಹಾಗೆ ಕಾಣುತ್ತದೆ. ನನ್ನ ಮಾತು ಕೇಳುವುದಾದರೆ ತಾರೀಖಿಗೆ ಬೇಕಾದರೆ ಕನ್ನಡ ಅಂಕಿ ಇರಲಿ, ಚೆಂದ. ಫೋನ್ ನಂಬರಿಗೆ ಮಾತ್ರ ಮೊಬೈಲಿನಲ್ಲಿ ಒತ್ತುವ ಅಂಕಿಗಳೇ ಇರಲಿ.

ವಿಳಾಸದಲ್ಲಿ ಛತ್ರದ ಹೆಸರನ್ನು ನೀವು ಕರೆಯುವ ಹಾಗಲ್ಲ, ಅದರ ಬೋರ್ಡಿನಲ್ಲಿ ಇರುವ ಹಾಗೆ ಹಾಕಿಸಿ. ಮುಂಗಡ ಕೊಟ್ಟ ರಸೀದಿ ತೆಗೆದು ನೋಡಿ, ಅದರಲ್ಲಿ ಹೆಸರು, ರಸ್ತೆ, ದಿನ ಎಲ್ಲಾ ಇರುತ್ತದೆ. ಒಂದೇ ಛತ್ರದಲ್ಲಿ ಎರಡು ಹಾಲ್ ಇದ್ದರೆ ಮೇಲಿನದೋ ಕೆಳಗಿನದೋ ಬರೆಸಿ. ಪಿನ್ ಕೋಡ್ ಆರಂಕಿ. ಕರ್ನಾಟಕದ್ದು 56ರಿಂದ 59ರೊಳಗೆ ಶುರುವಾಗುತ್ತದೆ. ಬೆಂಗಳೂರು 560, ಮೈಸೂರು 570, ಹಾಸನ 573. ಹಾಸನದ ಛತ್ರದ ಕೆಳಗೆ 560 ಕಂಡರೆ ಅದು ಯಾವುದೋ ಬೆಂಗಳೂರಿನ ಮದುವೆಯ ಪಳೆಯುಳಿಕೆ.

ಈಗೆಲ್ಲ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿಸುತ್ತಾರೆ, ಛತ್ರದ ಮ್ಯಾಪಿಗೆ. ಇದನ್ನು ಕಣ್ಣಲ್ಲಿ ನೋಡಿ ಏನೂ ತಿಳಿಯುವುದಿಲ್ಲ, ಹಳೇ ಪತ್ರಿಕೆಯ ಕೋಡ್ ಉಳಿದಿದ್ದರೂ ಹಾಗೇ ಕಾಣುತ್ತದೆ. ನೀವು ತೆಗೆಸಿದ ನಿಜ ಅಳತೆಯ ಜೆರಾಕ್ಸ್ ಪ್ರತಿಯಿಂದ ಎರಡು ಬೇರೆ ಬೇರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಮ್ಯಾಪಿನ ಗುಂಡುಸೂಜಿ ಛತ್ರದ ಮೇಲೇ ನಿಂತಿದೆಯಾ ನೋಡಿ. ಕೋಡಿನ ಸುತ್ತ ಖಾಲಿ ಜಾಗ ಇರಲೇಬೇಕು, ಬಳ್ಳಿ ಹೂವಿನ ಅಂಚು ಅದಕ್ಕೆ ತಾಗಬಾರದು. ಜೆರಾಕ್ಸ್‌ನಲ್ಲಿ ಓದಿಸಿಕೊಂಡ ಕೋಡು ಅಚ್ಚಿನಲ್ಲಿ ಓದಿಸಿಕೊಳ್ಳದೇ ಇರಬಹುದು, ಮರೂನ್ ಕಾಗದದ ಮೇಲೆ ಬಂಗಾರದ ಫಾಯಿಲ್‌ನಲ್ಲಿ ಹೊಡೆದರೆ ಮೊಬೈಲು ಒದ್ದಾಡುತ್ತದೆ. ತಿಳಿ ಹಿನ್ನೆಲೆ, ಗಾಢ ಬಣ್ಣದ ಕೋಡು, ಎರಡು ಸೆಂಟಿಮೀಟರಿಗೆ ಕಮ್ಮಿ ಇಲ್ಲದ ಹಾಗೆ ಕೇಳಿ.

ಕವರ್ ಪ್ರೂಫ್ ಬಂದಿದೆಯಾ? ಬಹಳ ಸಲ ಬಂದಿರುವುದೇ ಇಲ್ಲ. ಒಳಗಿನ ಹಾಳೆ ಮಾತ್ರ ಕಳಿಸಿರುತ್ತಾರೆ. ಕವರಿಗೆ ಬೇರೆ ಫೈಲು, ಬೇರೆ ಅಚ್ಚು. ಒಳಗೆ ತಿದ್ದಿದ ಹೆಸರು ಕವರಿನ ಮೇಲೆ ಹಳೆಯದೇ ಇರುತ್ತದೆ. ಅದನ್ನೂ ಕಳಿಸಿ ಅಂತ ಕೇಳಿ ಪಡೆಯಿರಿ.

ಇಷ್ಟೆಲ್ಲ ಸಿಕ್ಕಿದ ತಪ್ಪನ್ನು ಫೋನಿನಲ್ಲಿ ಹೇಳಬೇಡಿ. "ಅಲ್ಲಿ ಧ ಅಲ್ಲ, ದ" ಅಂದರೆ ಆ ಕಡೆ ಮೆಷಿನ್ ಸದ್ದಿನಲ್ಲಿ ಎರಡೂ ಒಂದೇ ಕೇಳುತ್ತದೆ. ಜೆರಾಕ್ಸ್ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ತಪ್ಪಿಗೆ ಸುತ್ತು ಹಾಕಿ, ಗೆರೆ ಎಳೆದು ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಒಂದು ಎರಡು ಮೂರು ಅಂತ ನಂಬರು ಕೊಡಿ. ಒಟ್ಟು ಎಷ್ಟು ಅಂತ ಮೇಲೆ ಬರೆಯಿರಿ. "ಒಟ್ಟು 9 ತಿದ್ದುಪಡಿ" ಅಂತ ಇದ್ದರೆ ಡಿಟಿಪಿಯವರು ಎಂಟಕ್ಕೆ ನಿಲ್ಲಿಸುವುದಿಲ್ಲ. ಎಲ್ಲವನ್ನೂ ಒಂದೇ ಸಲ ಕೊಡಿ. ಅರ್ಧ ಗಂಟೆಗೊಂದು ಕರೆಕ್ಷನ್ ಕಳಿಸಿದರೆ ಯಾವುದಾದರೂ ಒಂದು ಬಿಟ್ಟೇಹೋಗುತ್ತದೆ.

ಎರಡನೇ ಪ್ರೂಫ್ ಬಂದಾಗ ಆ ಒಂಬತ್ತನ್ನು ಮಾತ್ರ ನೋಡಿ ಸುಮ್ಮನಾಗಬೇಡಿ. ಒಂದು ಸಾಲಿನಲ್ಲಿ ಎರಡಕ್ಷರ ಜಾಸ್ತಿಯಾದರೆ ಕೊನೆಯ ಪದ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲು ಚೌಕಟ್ಟಿನ ಹೊರಗೆ ಹೋಗಿ ಕಾಣದೇ ಹೋಗಬಹುದು. ಸಾಮಾನ್ಯವಾಗಿ ಹೀಗೆ ಮಾಯವಾಗುವುದು ತೀರಾ ಕೆಳಗಿರುವ ಫೋನ್ ನಂಬರು, ಇಲ್ಲವೇ "ಸುಖಾಗಮನ ಬಯಸುವವರು" ಪಟ್ಟಿಯ ಕೊನೇ ಹೆಸರು. ಮೊದಲ ಪ್ರೂಫಿನಲ್ಲಿ ಎಷ್ಟು ಸಾಲಿತ್ತು, ಈಗ ಎಷ್ಟಿದೆ, ಎಣಿಸಿ. ಹಳೆಯದನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದರೆ ಅಲುಗಾಡಿದ ಸಾಲು ಹಾಗೇ ಗೊತ್ತಾಗುತ್ತದೆ.

ಓಕೆ ಅನ್ನುವುದನ್ನೂ ಬರೀ ಹೆಬ್ಬೆಟ್ಟಿನ ಚಿತ್ರದಲ್ಲಿ ಕಳಿಸಬೇಡಿ. ನಾಲ್ಕು ಪ್ರೂಫ್ ಬಂದಿದ್ದರೆ ಯಾವುದಕ್ಕೆ ಓಕೆ ಅಂತ ಅವರಿಗೆ ಹೇಗೆ ತಿಳಿಯಬೇಕು? ಹೀಗೆ ಬರೆಯಿರಿ: "ಇವತ್ತು ಸಂಜೆ 4-20ಕ್ಕೆ ಕಳಿಸಿದ ಪಿಡಿಎಫ್, ಒಳಹಾಳೆ ಎರಡು ಬದಿ ಮತ್ತು ಕವರ್, ಇದಕ್ಕೆ ಒಪ್ಪಿಗೆ ಇದೆ. 700 ಕಾರ್ಡು, 720 ಕವರ್. ಹಿಂದಿನ ಪ್ರೂಫ್‌ಗಳನ್ನು ಬಳಸಬೇಡಿ." ಆ ಪಿಡಿಎಫ್‌ಗೇ ರಿಪ್ಲೈ ಮಾಡಿ ಕಳಿಸಿ. ಕವರ್ ಇಪ್ಪತ್ತು ಜಾಸ್ತಿ ಯಾಕೆ ಅಂದರೆ ವಿಳಾಸ ಬರೆಯುವಾಗ ಕೆಡುತ್ತವೆ.

ಈ ಊರಲ್ಲೇ ಅಚ್ಚಾಗುವುದಾದರೆ ಮೆಷಿನ್ ಶುರುವಾದಾಗ ಹೋಗಿ ಮೊದಲ ಹಾಳೆ ಕೇಳಿ ತೆಗೆದುಕೊಳ್ಳಿ. ತಾರೀಖಿನ ಸಾಲು, ಹೆಸರಿನ ಮುಂದಿನ ದಿ||, ಫೋನ್ ನಂಬರು, ಈ ಮೂರನ್ನು ನೋಡಿ ಬನ್ನಿ. ಎಷ್ಟು ನೋಡಿದರೂ ಅಚ್ಚಾದ ಮೇಲೆ ಏನಾದರೂ ಸಿಗಬಹುದು. ಫೋನ್ ನಂಬರು ತಪ್ಪಿದ್ದರೆ ಅದೇ ಬಣ್ಣದ ಕಾಗದದಲ್ಲಿ ಸಣ್ಣ ಚೀಟಿ ಅಚ್ಚು ಹಾಕಿಸಿ ಅಂಟಿಸಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆರ್ಶೀವಾದ ಆಗಿದ್ದರೆ ಬಿಟ್ಟುಬಿಡಿ, ಮನೆಯಲ್ಲಿ ಕನ್ನಡ ಮೇಷ್ಟ್ರಿದ್ದರೆ ಅವರಿಗೆ ಮೊದಲೇ ಹೇಳಿಬಿಡಿ. ತಾರೀಖು-ವಾರ ತಪ್ಪಿದ್ದರೆ, ಬದುಕಿರುವವರಿಗೆ ದಿ|| ಬಂದಿದ್ದರೆ ಚೀಟಿ ಅಂಟಿಸಲು ಹೋಗಬೇಡಿ. ಬೆರಳಿಂದ ಕೆರೆದು ಕೆಳಗೇನಿದೆ ಅಂತ ನೋಡುವವರೇ ಜಾಸ್ತಿ. ಒಳಗಿನ ಹಾಳೆ ಮತ್ತೆ ಹಾಕಿಸಿ, ಕವರ್ ಹಾಗೇ ಬಳಸಿ.